ಟ್ಯಾಗು ಯಾರಿಗೆ ಕಾಣುತ್ತದೆ, ಹ್ಯಾಷ್‌ಟ್ಯಾಗು ಯಾರಿಗೆ?

ಇವತ್ತು ನಮ್ಮ ಊರುಗಳಲ್ಲಿ ಯೂಟ್ಯೂಬ್‌ಗೆ ವಿಡಿಯೊ ಹಾಕುವವರು ಬಹಳ ಮಂದಿ ಇದ್ದಾರೆ. ಅಡುಗೆ ಮಾಡಿ ತೋರಿಸುವವರು, ಪಾಠ ಹೇಳುವವರು, ದೇವಸ್ಥಾನದ ಜಾತ್ರೆ ಚಿತ್ರಿಸುವವರು, ಆಟ ಕೂಟಗಳನ್ನು ದಾಖಲಿಸಿ ಇಡುವವರು. ಇವರಲ್ಲಿ ಹೆಚ್ಚಿನವರನ್ನು ಕಾಡುವ ಒಂದು ಗೊಂದಲವಿದೆ. ವಿಡಿಯೊ ಏರಿಸುವಾಗ ಟ್ಯಾಗ್ ಎನ್ನುವ ಒಂದು ಜಾಗದಲ್ಲಿ ಕೆಲವು ಪದ ಬರೆಯುತ್ತೇವೆ. ವಿವರಣೆಯ ಜಾಗದಲ್ಲಿ ಹ್ಯಾಷ್ ಗುರುತು ಹಾಕಿ ಇನ್ನು ಕೆಲವು ಪದ ಬರೆಯುತ್ತೇವೆ. ಎರಡೂ ಒಂದೇ ಎಂದು ತಿಳಿದವರು ಬಹಳ. ಎರಡೂ ನೋಡುಗರಿಗೆ ಕಾಣುತ್ತವೆ ಎಂದು ತಿಳಿದವರು ಇದ್ದಾರೆ. ಟ್ಯಾಗ್ ಯಾರಿಗೂ ಕಾಣುವುದಿಲ್ಲ, ಅಲ್ಲಿ ಏನು ಬರೆದರೂ ನಡೆಯುತ್ತದೆ ಎಂದು ತಿಳಿದವರೂ ಇದ್ದಾರೆ. ಈ ಮೂರು ತಿಳಿವಳಿಕೆಗಳೂ ತಪ್ಪು. ಯಾವುದು ಎಲ್ಲಿ ಕಾಣುತ್ತದೆ, ಯಾರಿಗೆ ಕಾಣುತ್ತದೆ ಎಂಬುದನ್ನೇ ಇಂದು ಬಿಡಿಸಿ ಹೇಳುತ್ತೇನೆ.

ನನ್ನ ಪರಿಚಯದ ಒಬ್ಬ ನಿವೃತ್ತ ಮಾಷ್ಟ್ರು ಕರಾವಳಿಯವರು. ತಾಳಮದ್ದಳೆಯ ಹುಚ್ಚು ಅವರಿಗೆ. ಊರಿನ ಸುತ್ತಮುತ್ತ ಕೂಟ ಎಲ್ಲಿ ನಡೆದರೂ ಮೊಬೈಲ್, ಒಂದು ಮೈಕು, ಒಂದು ಸ್ಟ್ಯಾಂಡು ಹಿಡಿದು ಹೋಗಿ ಚಿತ್ರಿಸಿಕೊಂಡು ಬರುತ್ತಾರೆ. ಕಲಾವಿದರ ಒಪ್ಪಿಗೆ ಪಡೆದು ತಮ್ಮ ಚಾನೆಲ್‌ಗೆ ಹಾಕುತ್ತಾರೆ. ಒಂದು ದಿನ ಫೋನ್ ಮಾಡಿದರು. "ಅಲ್ಲ ಮಾರಾಯ್ರೆ, ಕೃಷ್ಣ ಸಂಧಾನದ ವಿಡಿಯೊಕ್ಕೆ ರಾಶಿ ಟ್ಯಾಗ್ ಹಾಕಿದ್ದೇನೆ. ಒಂದೊಂದಕ್ಕೂ ಹ್ಯಾಷ್ ಗುರುತು ಕೊಟ್ಟಿದ್ದೇನೆ. ಮುಂಬೈಯಲ್ಲಿ ಅಳಿಯ ನೋಡಿ, ಮಾವ, ಒಂದೂ ಕಾಣುವುದಿಲ್ಲ ಅಂತಾನೆ. ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆಯಲ್ಲ?"

ಮಾಷ್ಟ್ರು ಹೇಳಿದ್ದೂ ನಿಜ, ಅಳಿಯ ಹೇಳಿದ್ದೂ ನಿಜ. ಇಬ್ಬರೂ ನೋಡುತ್ತಿದ್ದದ್ದು ಒಂದೇ ವಿಡಿಯೊ, ಆದರೆ ಬೇರೆ ಬೇರೆ ಪುಟ.

ವಿಡಿಯೊ ಹಾಕುವವರಿಗೆ ಯೂಟ್ಯೂಬ್ ಕೊಟ್ಟಿರುವ ಒಳಮನೆಯ ಹೆಸರು ಯೂಟ್ಯೂಬ್ ಸ್ಟುಡಿಯೊ. ಅಲ್ಲಿ ಎಡಗಡೆ `Content` ಎಂಬುದನ್ನು ಒತ್ತಿ, ಬೇಕಾದ ವಿಡಿಯೊ ಆರಿಸಿಕೊಂಡರೆ ಅದರ ವಿವರಗಳ ಪುಟ ತೆರೆದುಕೊಳ್ಳುತ್ತದೆ. ಮೇಲೆ ಶೀರ್ಷಿಕೆ, ಅದರ ಕೆಳಗೆ ವಿವರಣೆ. ಇನ್ನೂ ಕೆಳಗೆ ಹೋದರೆ `Show more` ಎಂದು ಕಾಣುತ್ತದೆ. ಅದನ್ನು ಒತ್ತಿದರೆ ಮಾತ್ರ `Tags` ಎಂಬ ಪೆಟ್ಟಿಗೆ ಹೊರಬರುತ್ತದೆ. ಒಂದು ಪದ ಬರೆದು ಅಲ್ಪವಿರಾಮ ಹಾಕಿದರೆ ಅದೊಂದು ಟ್ಯಾಗ್, ಮತ್ತೊಂದು ಪದ ಬರೆದು ಅಲ್ಪವಿರಾಮ ಹಾಕಿದರೆ ಅದು ಇನ್ನೊಂದು. ಎಲ್ಲ ಸೇರಿ 500 ಅಕ್ಷರಗಳ ಮಿತಿ. ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ನಡುವೆ ಜಾಗ ಬಿಟ್ಟು ಬರೆದ ಟ್ಯಾಗನ್ನು ಯೂಟ್ಯೂಬ್ ಉದ್ಧರಣ ಚಿಹ್ನೆಗಳ ಒಳಗೆ ಇಟ್ಟಂತೆ ಎಣಿಸುತ್ತದೆ. ಇಂಗ್ಲಿಷ್ ಲಿಪಿಯಲ್ಲಿ `talamaddale` ಎಂದು ಕೂಡಿಸಿ ಬರೆದರೆ 11 ಅಕ್ಷರ. `tala maddale` ಎಂದು ಬಿಡಿಸಿ ಬರೆದರೆ ನಡುವಿನ ಜಾಗವೂ ಸೇರಿ 12, ಆ ಚಿಹ್ನೆಗಳೆರಡೂ ಸೇರಿ 14. ಟ್ಯಾಗ್‌ಗಳ ನಡುವಿನ ಅಲ್ಪವಿರಾಮಗಳೂ ಲೆಕ್ಕಕ್ಕೆ ಸೇರುತ್ತವೆ. ನಾನಿನ್ನೂ ಅಷ್ಟು ಬರೆದೇ ಇಲ್ಲ, ಪೆಟ್ಟಿಗೆ ತುಂಬಿತು ಎನ್ನುತ್ತದೆ ಎಂದು ಕೆಲವರು ಗೊಣಗುವುದು ಇದಕ್ಕೇ.

ಮಾಷ್ಟ್ರು ನೋಡುತ್ತಿದ್ದದ್ದು ಈ ಪೆಟ್ಟಿಗೆಯನ್ನು. ಚಾನೆಲ್ಲಿನ ಒಡೆಯರಾಗಿ ಅವರು ಲಾಗಿನ್ ಆಗಿದ್ದರಿಂದ ಅದು ಅವರಿಗೆ ಕಾಣುತ್ತಿತ್ತು. ಮುಂಬೈಯ ಅಳಿಯ ನೋಡುತ್ತಿದ್ದದ್ದು ವಿಡಿಯೊ ಓಡುವ ಪುಟವನ್ನು. ಆ ಪುಟದಲ್ಲಿ ಟ್ಯಾಗ್‌ಗೆ ಜಾಗವೇ ಇಲ್ಲ. ವಿಡಿಯೊದ ಕೆಳಗಾಗಲಿ, ವಿವರಣೆ ಬಿಡಿಸಿ ನೋಡಿದಾಗಾಗಲಿ, ಮೊಬೈಲಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ನೋಡುಗನ ಕಣ್ಣಿಗೆ ಟ್ಯಾಗ್ ಬೀಳುವುದಿಲ್ಲ. ಮಾಷ್ಟ್ರು ಅದರೊಳಗೆ ಹ್ಯಾಷ್ ಗುರುತು ಹಾಕಿದ್ದರಿಂದ ಏನೂ ಬದಲಾಗಲಿಲ್ಲ. ಹ್ಯಾಷ್‌ಟ್ಯಾಗ್ ಆಗಬೇಕಾದರೆ ಪದ ಇರಬೇಕಾದದ್ದು ಶೀರ್ಷಿಕೆಯಲ್ಲಿ ಅಥವಾ ವಿವರಣೆಯಲ್ಲಿ. ಟ್ಯಾಗ್ ಪೆಟ್ಟಿಗೆಯಲ್ಲಿ ಹ್ಯಾಷ್ ಗುರುತು ಹಾಕಿದ ಪದ ಹ್ಯಾಷ್‌ಟ್ಯಾಗ್ ಆಗುವುದಿಲ್ಲ.

ಹಿಂದೆ ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು. ಯೂಟ್ಯೂಬ್ 2005ರಲ್ಲಿ ಶುರುವಾಯಿತು. ಮೊದಲ ವರ್ಷಗಳಲ್ಲಿ ಪ್ರತಿ ವಿಡಿಯೊದ ಪಕ್ಕದಲ್ಲಿ ಅದರ ಟ್ಯಾಗ್‌ಗಳು ಎಲ್ಲರಿಗೂ ಕಾಣುತ್ತಿದ್ದವು. ಒಂದನ್ನು ಒತ್ತಿದರೆ ಅದೇ ಪದವಿದ್ದ ಬೇರೆ ವಿಡಿಯೊಗಳು ಬರುತ್ತಿದ್ದವು. ಹೆಚ್ಚು ಜನ ನೋಡಿದ ವಿಡಿಯೊದ ಟ್ಯಾಗ್‌ಗಳನ್ನು ಇದ್ದಂತೆಯೇ ನಕಲು ಮಾಡಿ ತಮ್ಮ ವಿಡಿಯೊಕ್ಕೆ ಅಂಟಿಸಿಕೊಳ್ಳುವುದು ಆಗ ಸಲೀಸಾಗಿತ್ತು. 2012ರಲ್ಲಿ ನೋಡುಗರ ಪುಟದಿಂದ ಟ್ಯಾಗ್‌ಗಳನ್ನು ತೆಗೆದುಹಾಕಿದರು. ಅಂದಿನಿಂದ ಟ್ಯಾಗು ನೋಡುಗರ ಕಣ್ಣಿನಿಂದ ಮರೆಯಾಯಿತು. ಹಳೆಯ ದಿನಗಳಲ್ಲಿ ಯೂಟ್ಯೂಬ್ ನೋಡಿದವರ ನೆನಪಿನಲ್ಲಿ ಟ್ಯಾಗ್ ಎಂದರೆ ಕಾಣುವ ವಸ್ತು ಎಂದೇ ಉಳಿದುಬಿಟ್ಟಿದೆ. ಹಳಬರು ಹೇಳಿಕೊಟ್ಟದ್ದನ್ನು ಹೊಸಬರು ಹಾಗೆಯೇ ನಂಬಿದ್ದಾರೆ.

ಇನ್ನು ಹ್ಯಾಷ್‌ಟ್ಯಾಗಿನ ಮಾತು. ಅದು ಟ್ಯಾಗಿಗೆ ನೇರ ವಿರುದ್ಧ. ಇರುವುದೇ ನೋಡುಗನಿಗೆ ಕಾಣಲಿಕ್ಕಾಗಿ. ಹ್ಯಾಷ್ ಗುರುತು ಹಾಕಿ ಒಂದು ವಿಷಯದ ಮಾತುಗಳನ್ನು ಒಟ್ಟುಗೂಡಿಸೋಣ ಎಂದು 2007ರಲ್ಲಿ ಟ್ವಿಟರ್‌ನಲ್ಲಿ ಸೂಚಿಸಿದವರು ಕ್ರಿಸ್ ಮೆಸಿನಾ ಎಂಬ ಅಮೆರಿಕದ ತಂತ್ರಜ್ಞರು. ಅಲ್ಲಿಂದ ಅದು ಎಲ್ಲ ಜಾಲತಾಣಗಳಿಗೂ ಹರಡಿತು. ಯೂಟ್ಯೂಬಿನಲ್ಲಿ ವಿವರಣೆಯ ಒಳಗೆ `#ಯಕ್ಷಗಾನ` ಎಂದು ಬರೆದರೆ ಅದು ನೀಲಿ ಬಣ್ಣದ ಕೊಂಡಿಯಾಗುತ್ತದೆ. ನೋಡುಗ ಅದನ್ನು ಒತ್ತಿದರೆ ಅದೇ ಹ್ಯಾಷ್‌ಟ್ಯಾಗ್ ಇರುವ ವಿಡಿಯೊಗಳನ್ನು ಒಟ್ಟಿಗೆ ಇಟ್ಟ ಬೇರೊಂದು ಪುಟಕ್ಕೆ ಹೋಗುತ್ತಾನೆ. ಈ ಬಗೆಯ ಪ್ರತ್ಯೇಕ ಪುಟಗಳನ್ನು ಯೂಟ್ಯೂಬ್ ಆರಂಭಿಸಿದ್ದು 2021ರ ಜನವರಿಯಲ್ಲಿ.

ಅಳಿಯನ ಮೊಬೈಲನ್ನೇ ಒಮ್ಮೆ ಹತ್ತಿರದಿಂದ ನೋಡೋಣ. ಮೇಲೆ ವಿಡಿಯೊ ಓಡುತ್ತಿರುತ್ತದೆ. ಅದರ ಕೆಳಗೆ ದಪ್ಪಕ್ಷರದಲ್ಲಿ ಶೀರ್ಷಿಕೆ. ಶೀರ್ಷಿಕೆಯ ಹತ್ತಿರವೇ ಸಣ್ಣಕ್ಷರದ ಒಂದು ಸಾಲು. ಎಷ್ಟು ಜನ ನೋಡಿದರು, ಯಾವಾಗ ಹಾಕಿದ್ದು, ಆಮೇಲೆ ಒಂದೆರಡು ಹ್ಯಾಷ್‌ಟ್ಯಾಗ್, ಕೊನೆಯಲ್ಲಿ `...more`. ಆ ಕೊನೆಯ ಪದ ಮುಟ್ಟಿದರೆ ಮಾತ್ರ ಪೂರ್ತಿ ವಿವರಣೆ ತೆರೆಯುತ್ತದೆ. ಹೀಗೆ ನೋಡುಗನಿಗೆ ಹ್ಯಾಷ್‌ಟ್ಯಾಗ್ ಎರಡು ಕಡೆ ಕಾಣಬಹುದು. ಶೀರ್ಷಿಕೆಯ ಬಳಿ ಒಂದಷ್ಟು, ವಿವರಣೆ ಬಿಡಿಸಿದಾಗ ಎಲ್ಲವೂ. ಶೀರ್ಷಿಕೆಯೊಳಗೇ ಬರೆದಿದ್ದರೆ ಅಲ್ಲಿಯೂ ಕಾಣುತ್ತದೆ. ಶಾರ್ಟ್ಸ್ ಎಂಬ ಚಿಕ್ಕ ವಿಡಿಯೊಗಳಲ್ಲಿ ತೆರೆಯ ಕೆಳಭಾಗದಲ್ಲಿ ಶೀರ್ಷಿಕೆ ಇರುವುದರಿಂದ ಅದರೊಳಗಿನ ಹ್ಯಾಷ್‌ಟ್ಯಾಗ್ ತಕ್ಷಣ ಕಣ್ಣಿಗೆ ಬೀಳುತ್ತದೆ. ಅವುಗಳ ವಿವರಣೆ ನೋಡಬೇಕಾದರೆ ಮೂರು ಚುಕ್ಕಿಯ ಗುರುತು ಒತ್ತಿ ಹುಡುಕಬೇಕು. ಅಷ್ಟು ದೂರ ಹೋಗುವವರು ಕಡಿಮೆ.

ಶೀರ್ಷಿಕೆಯ ಬಳಿ ಹೆಚ್ಚೆಂದರೆ ಮೂರು ಹ್ಯಾಷ್‌ಟ್ಯಾಗ್ ಬರಬಹುದು. ವಿವರಣೆಯಲ್ಲಿ ಮೊದಲು ಬರೆದ ಮೂರೇ ಬರುತ್ತವೆ ಎಂದು ಬಹಳ ಮಂದಿ ನಂಬಿದ್ದಾರೆ. ಯೂಟ್ಯೂಬ್ ಈಗ ಹೇಳುವುದು ಬೇರೆ. ಜನ ಹೆಚ್ಚು ಸ್ಪಂದಿಸುವಂಥವನ್ನು ಅದೇ ಆರಿಸಿ ತೋರಿಸುತ್ತದೆ. ಆದ್ದರಿಂದ ಯಾವುದು ಅಲ್ಲಿ ಕಾಣಬೇಕು ಎಂಬ ಕೊನೆಯ ಮಾತು ವಿಡಿಯೊ ಹಾಕಿದವರದ್ದಲ್ಲ. ಆದರೆ ಒಂದು ಉಪಾಯ ಕೈಯಲ್ಲಿದೆ. ಬರೆಯುವುದೇ ಎರಡು ಮೂರು ಆದರೆ, ಬೇಡದ್ದು ಮೇಲೆ ಬಂದೀತು ಎಂಬ ಭಯವೇ ಇಲ್ಲ. ಇಪ್ಪತ್ತು ಹ್ಯಾಷ್‌ಟ್ಯಾಗ್ ತುಂಬಿದವರ ವಿಡಿಯೊದ ಬಳಿ ಏನೋ ಸಂಬಂಧವಿಲ್ಲದ ಪದ ಕುಳಿತಿರುವುದನ್ನು ನೀವೂ ನೋಡಿರಬಹುದು.

ಹೆಚ್ಚು ಬರೆದರೆ ಇನ್ನೂ ಒಂದು ಅಪಾಯವಿದೆ. ಒಂದು ವಿಡಿಯೊದಲ್ಲಿ 60ಕ್ಕಿಂತ ಹೆಚ್ಚು ಹ್ಯಾಷ್‌ಟ್ಯಾಗ್ ಇದ್ದರೆ ಯೂಟ್ಯೂಬ್ ಅವುಗಳಲ್ಲಿ ಒಂದನ್ನೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಹೆಚ್ಚಾದ ಅಷ್ಟನ್ನು ಮಾತ್ರ ಬಿಡುತ್ತದೆ ಎಂದುಕೊಳ್ಳಬೇಡಿ, ಎಲ್ಲವನ್ನೂ ಬಿಡುತ್ತದೆ. ಅತಿಯಾಗಿ ತುಂಬಿದರೆ ವಿಡಿಯೊವನ್ನೇ ಹುಡುಕಾಟದ ಫಲಿತಾಂಶದಿಂದ ತೆಗೆಯಬಹುದು ಎಂದೂ ನಿಯಮ ಹೇಳುತ್ತದೆ. ವಿಷಯಕ್ಕೆ ಸಂಬಂಧವಿಲ್ಲದ ಹ್ಯಾಷ್‌ಟ್ಯಾಗ್ ಹಾಕುವುದೂ ತಪ್ಪೇ. ತಾಳಮದ್ದಳೆಯ ವಿಡಿಯೊಕ್ಕೆ ಆ ವಾರ ಬಿಡುಗಡೆಯಾದ ಸಿನಿಮಾದ ಹೆಸರು ಅಂಟಿಸುವುದು ನೋಡುಗನಿಗೆ ಮಾಡುವ ಮೋಸ. ಅವನು ಸಿನಿಮಾ ಹುಡುಕಿಕೊಂಡು ಬಂದು, ಅರೆ ನಿಮಿಷದಲ್ಲಿ ಬೇಸರಪಟ್ಟು ಹೊರಟುಹೋಗುತ್ತಾನೆ.

ಕನ್ನಡದಲ್ಲಿ ಬರೆಯುವವರು ಇಲ್ಲೊಂದು ಎಚ್ಚರ ವಹಿಸಬೇಕು. ಹ್ಯಾಷ್‌ಟ್ಯಾಗಿನ ನಡುವೆ ಜಾಗ ಬಿಡುವಂತಿಲ್ಲ. ಮಾಷ್ಟ್ರು ನನ್ನ ಮಾತು ಕೇಳಿ ವಿವರಣೆಯಲ್ಲಿ `#ಕೃಷ್ಣ ಸಂಧಾನ` ಎಂದು ಬಿಡಿಸಿ ಬರೆದಾಗ ಕೊಂಡಿಯಾದದ್ದು ಕೃಷ್ಣ ಎಂಬ ಪದ ಮಾತ್ರ. ಸಂಧಾನ ಕಪ್ಪಕ್ಷರದಲ್ಲಿ ಹೊರಗೇ ಉಳಿಯಿತು. ಪ್ರಸಂಗ ಹುಡುಕುವವನಿಗೆ ಅದರಿಂದ ಉಪಯೋಗವಿಲ್ಲ. ಕೃಷ್ಣನ ಭಜನೆ, ಕೃಷ್ಣ ಜನ್ಮಾಷ್ಟಮಿ, ಕೃಷ್ಣ ಎಂಬ ಹೆಸರಿನ ಏನೆಲ್ಲ ಇದೆಯೋ ಅದರ ನಡುವೆ ಕೂಟ ಕಳೆದುಹೋಗುತ್ತದೆ. `#ಕೃಷ್ಣಸಂಧಾನ` ಎಂದು ಕೂಡಿಸಿ ಬರೆದ ಮೇಲೆ ಸರಿಯಾಯಿತು. ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಸುಲಭದ್ದು. ಉಳಿಸಿದ ಮೇಲೆ ನೋಡುಗನ ಪುಟಕ್ಕೆ ಹೋಗಿ ವಿವರಣೆ ಬಿಡಿಸಿ. ನೀಲಿ ಬಣ್ಣ ಎಲ್ಲಿಯವರೆಗೆ ಇದೆಯೋ ಹ್ಯಾಷ್‌ಟ್ಯಾಗ್ ಅಲ್ಲಿಯವರೆಗೆ. ಒತ್ತಕ್ಷರದ ನಡುವೆಯೋ ಯಾವುದೋ ಚಿಹ್ನೆಯ ಬಳಿಯೋ ನೀಲಿ ನಿಂತುಹೋಗಿದ್ದರೆ ಆ ಪದವನ್ನು ಬೇರೆ ರೀತಿ ಬರೆಯಿರಿ. ಬೆರಳಿನಿಂದ ಒತ್ತಿಯೂ ನೋಡಿ. ತೆರೆದುಕೊಂಡ ಪುಟದಲ್ಲಿ ನಿಮ್ಮ ವಿಷಯಕ್ಕೆ ಹತ್ತಿರದ ವಿಡಿಯೊಗಳಿವೆಯೇ, ಅಥವಾ ಬೇರೇನೋ ಇದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ಕನ್ನಡ ಲಿಪಿಯ `#ಯಕ್ಷಗಾನ` ಬೇರೆ ಪುಟ, ಇಂಗ್ಲಿಷ್ ಲಿಪಿಯ `#yakshagana` ಬೇರೆ ಪುಟ. ಎರಡನ್ನೂ ಒಮ್ಮೆ ತೆರೆದು ನೋಡಿ ನಿಮ್ಮ ನೋಡುಗರು ಎಲ್ಲಿ ಸಿಕ್ಕಾರು ಎಂದು ತೀರ್ಮಾನಿಸಬಹುದು.

ಈಗ ಟ್ಯಾಗಿನ ಕಡೆಗೆ ಮತ್ತೆ ಬರೋಣ. ನೋಡುಗನಿಗೆ ಕಾಣುವುದಿಲ್ಲ ಎಂದ ಮೇಲೆ ಅದು ಗುಟ್ಟೇ? ಅಲ್ಲ. ನನ್ನ ಈ ಭಾಷಣದ ಮುಖ್ಯ ಮಾತು ಇದು. ಗೋಡೆಗೆ ತೂಗುಹಾಕಿದ ಫೋಟೊದ ಹಿಂಬದಿಯಲ್ಲಿ ಬರೆದ ಹೆಸರಿನ ಹಾಗೆ ಅದು. ಮುಂದೆ ನಿಂತವರಿಗೆ ಕಾಣುವುದಿಲ್ಲ, ಚೌಕಟ್ಟು ತಿರುಗಿಸಿದ ಯಾರಿಗಾದರೂ ಕಾಣುತ್ತದೆ. ಚೌಕಟ್ಟು ತಿರುಗಿಸಲು ವಿಶೇಷ ಅನುಮತಿ ಬೇಡ, ಪಾಸ್‌ವರ್ಡ್ ಬೇಡ.

ಕಂಪ್ಯೂಟರಿನಲ್ಲಿ ಯಾವುದೇ ಸಾರ್ವಜನಿಕ ವಿಡಿಯೊದ ಪುಟ ತೆರೆಯಿರಿ. ಕಂಟ್ರೋಲ್ ಕೀಲಿ ಹಿಡಿದು `U` ಒತ್ತಿದರೆ ಆ ಪುಟದ ಮೂಲ ಬರಹ ಇನ್ನೊಂದು ಟ್ಯಾಬಿನಲ್ಲಿ ತೆರೆಯುತ್ತದೆ. ಅರ್ಥವಾಗದ ಅಕ್ಷರಗಳ ರಾಶಿ ಅದು, ಹೆದರಬೇಕಾಗಿಲ್ಲ. ಕಂಟ್ರೋಲ್ ಜೊತೆ `F` ಒತ್ತಿ `keywords` ಎಂದು ಹುಡುಕಿ. ಇಂಥ ಒಂದು ಸಾಲು ಸಿಗುತ್ತದೆ:

```
<meta name="keywords" content="yakshagana, talamaddale, tala maddale">
```

ಉದ್ಧರಣ ಚಿಹ್ನೆಯ ಒಳಗಿರುವುದೇ ವಿಡಿಯೊ ಹಾಕಿದವರು ಪೆಟ್ಟಿಗೆಯಲ್ಲಿ ಬರೆದ ಟ್ಯಾಗ್‌ಗಳು. ಇದನ್ನೇ ಓದಿ ಅಂದವಾಗಿ ತೋರಿಸುವ, ಬ್ರೌಸರಿಗೆ ಸೇರಿಸಿಕೊಳ್ಳುವ ಉಪಕರಣಗಳೂ ಇವೆ. ವಿಡ್‌ಐಕ್ಯೂ, ಟ್ಯೂಬ್‌ಬಡ್ಡಿ ಮುಂತಾದವು ವಿಡಿಯೊ ಹಾಕುವವರ ನಡುವೆ ಚೆನ್ನಾಗಿ ಬಳಕೆಯಲ್ಲಿವೆ. ಇವನ್ನು ಹಾಕಿಕೊಂಡವರಿಗೆ ವಿಡಿಯೊದ ಪಕ್ಕದಲ್ಲೇ ಟ್ಯಾಗ್‌ಗಳ ಪಟ್ಟಿ ಕಾಣುತ್ತದೆ. ಇದರಿಂದಲೇ ಇನ್ನೊಂದು ತಪ್ಪು ತಿಳಿವಳಿಕೆ ಹುಟ್ಟಿಕೊಂಡಿದೆ. ತನ್ನ ತೆರೆಯ ಮೇಲೆ ದಿನವೂ ಆ ಪಟ್ಟಿಯನ್ನು ನೋಡುವವನು, ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಳ್ಳುತ್ತಾನೆ. ಆ ಪಟ್ಟಿ ಯೂಟ್ಯೂಬಿನದಲ್ಲ, ಅವನು ತನ್ನ ಬ್ರೌಸರಿಗೆ ಸೇರಿಸಿಕೊಂಡ ಉಪಕರಣದ್ದು. ಮೊಬೈಲ್ ಆಪ್‌ನಲ್ಲಿ ನೋಡುವ ಸಾಮಾನ್ಯ ನೋಡುಗನಿಗೆ ಅದು ಇಲ್ಲ.

ತಂತ್ರಾಂಶ ಬರೆಯುವವರಿಗೆ ಮೂರನೆಯ ದಾರಿಯೂ ಇದೆ. ಯೂಟ್ಯೂಬ್ ಅವರಿಗಾಗಿ ತೆರೆದಿಟ್ಟ ಡೇಟಾ ಎಪಿಐ ಎಂಬ ಬಾಗಿಲಿನ ಮೂಲಕ ಒಂದು ವಿಡಿಯೊದ ವಿವರ ಕೇಳಿದರೆ ಶೀರ್ಷಿಕೆ, ವಿವರಣೆಗಳ ಜೊತೆಗೆ `snippet.tags` ಎಂಬ ಹೆಸರಿನಲ್ಲಿ ಟ್ಯಾಗ್‌ಗಳೂ ಬರುತ್ತವೆ. ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ಮೂಲ ಬರಹ ನೋಡುವವರು ಎರಡು ಕಡೆ ಮೋಸಹೋಗುತ್ತಾರೆ. ಕೆಲವೊಮ್ಮೆ ಆ ಸಾಲಿನಲ್ಲಿ ಹೀಗೆ ಕಾಣುತ್ತದೆ:

```
content="video, sharing, camera phone, video phone, free, upload"
```

ಇದನ್ನು ಕಂಡು, ಈ ಚಾನೆಲ್ಲಿನವರು ಏನು ವಿಚಿತ್ರ ಟ್ಯಾಗ್ ಹಾಕಿದ್ದಾರೆ, ಅದೇ ಗೆಲುವಿನ ಗುಟ್ಟಿರಬೇಕು ಎಂದು ನಕಲು ಮಾಡಿಕೊಂಡವರಿದ್ದಾರೆ. ಅದು ಯಾರೂ ಬರೆದ ಟ್ಯಾಗಲ್ಲ. ವಿಡಿಯೊಕ್ಕೆ ಟ್ಯಾಗ್ ಏನೂ ಇಲ್ಲದಿದ್ದಾಗ ಯೂಟ್ಯೂಬ್ ತಾನೇ ತುಂಬುವ ಹಳೆಯ ಸಿದ್ಧಪಟ್ಟಿ. ಕ್ಯಾಮೆರಾ ಫೋನ್ ಎಂಬ ಪದವೇ ಅದರ ವಯಸ್ಸನ್ನು ಹೇಳುತ್ತದೆ. ಈ ಸಾಲು ಕಂಡರೆ, ವಿಡಿಯೊ ಹಾಕಿದವರು ಪೆಟ್ಟಿಗೆಯನ್ನು ಖಾಲಿ ಬಿಟ್ಟಿದ್ದಾರೆ ಎಂದು ತಿಳಿಯಬೇಕು. ಲಕ್ಷಾಂತರ ಜನ ನೋಡಿದ ವಿಡಿಯೊದಲ್ಲೂ ಈ ಸಾಲು ಕಾಣಬಹುದು, ಅದರ ಅರ್ಥವನ್ನು ಮುಂದೆ ಹೇಳುತ್ತೇನೆ.

ಎರಡನೆಯದು ಹೀಗೆ. ಯೂಟ್ಯೂಬಿನಲ್ಲಿ ಒಂದು ವಿಡಿಯೊದಿಂದ ಇನ್ನೊಂದಕ್ಕೆ ಒತ್ತಿ ಹೋಗುವಾಗ ಪುಟ ಪೂರ್ತಿ ಹೊಸದಾಗಿ ಬರುವುದಿಲ್ಲ, ಒಳಗಿನ ಭಾಗ ಮಾತ್ರ ಬದಲಾಗುತ್ತದೆ. ಬ್ರೌಸರಿನ ತಪಾಸಣಾ ಕಿಟಕಿ ತೆರೆದು ನೋಡುವವರಿಗೆ ಕೆಲವೊಮ್ಮೆ ಹಿಂದಿನ ವಿಡಿಯೊದ ಟ್ಯಾಗೇ ಉಳಿದುಕೊಂಡಿರುತ್ತದೆ. ಯಾವ ವಿಡಿಯೊ ಪರಿಶೀಲಿಸಬೇಕೋ ಅದರ ವಿಳಾಸವನ್ನು ಹೊಸ ಟ್ಯಾಬಿನಲ್ಲಿ ಹಾಕಿ ಪುಟವನ್ನು ಮೊದಲಿನಿಂದ ತೆರೆದು ನೋಡಿದರೆ ಈ ತಪ್ಪು ಆಗುವುದಿಲ್ಲ.

ಟ್ಯಾಗ್ ಅಷ್ಟೊಂದು ಮರೆಯಲ್ಲಿದ್ದೂ ತೆರೆದೇ ಇದೆ ಎಂದ ಮೇಲೆ, ಅದರಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಯೂಟ್ಯೂಬ್ ಇದರಲ್ಲಿ ಮುಚ್ಚುಮರೆ ಮಾಡಿಲ್ಲ. ವಿಡಿಯೊವನ್ನು ಜನ ಕಂಡುಕೊಳ್ಳುವುದರಲ್ಲಿ ಶೀರ್ಷಿಕೆ, ಮುಖಚಿತ್ರ, ವಿವರಣೆ ಇವುಗಳೇ ಮುಖ್ಯ. ಟ್ಯಾಗಿನ ಪಾತ್ರ ತೀರ ಕಡಿಮೆ ಎಂದು ತನ್ನ ಸಹಾಯ ಪುಟದಲ್ಲಿ ಬರೆದಿದೆ. ಟ್ಯಾಗ್ ಉಪಯೋಗಕ್ಕೆ ಬರುವ ಒಂದು ಸಂದರ್ಭವನ್ನು ಮಾತ್ರ ಅದು ಹೆಸರಿಸುತ್ತದೆ. ಜನ ಸಾಮಾನ್ಯವಾಗಿ ಕಾಗುಣಿತ ತಪ್ಪಿ ಬರೆಯುವ ಪದ ನಿಮ್ಮ ವಿಷಯವಾಗಿದ್ದರೆ ಟ್ಯಾಗ್ ನೆರವಾಗಬಹುದು. ಸಿದ್ಧಪಟ್ಟಿಯ ಸಾಲು ಜನಪ್ರಿಯ ವಿಡಿಯೊದಲ್ಲೂ ಕಾಣುವುದು ಟ್ಯಾಗಿನ ಪಾತ್ರ ಇಷ್ಟು ಕಡಿಮೆ ಇರುವುದರಿಂದಲೇ. ಟ್ಯಾಗಿಲ್ಲದೆಯೂ ವಿಡಿಯೊ ಜನರನ್ನು ತಲುಪುತ್ತದೆ.

ಆದರೆ ಆ ಒಂದು ಸಂದರ್ಭ ನಮಗೆ, ಕನ್ನಡದವರಿಗೆ, ನಿಜವಾಗಿ ಹೊಂದುತ್ತದೆ. ನಮ್ಮಲ್ಲಿ ಬಹಳ ಮಂದಿ ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಹುಡುಕುತ್ತಾರೆ. ಅದಕ್ಕೆ ಒಂದೇ ಕಾಗುಣಿತ ಎಂಬುದಿಲ್ಲ. ತಾಳಮದ್ದಳೆಯನ್ನು ಒಬ್ಬರು `talamaddale` ಎನ್ನುತ್ತಾರೆ, ಇನ್ನೊಬ್ಬರು `thalamaddale`, ಮತ್ತೊಬ್ಬರು `taala maddale`. ಯಕ್ಷಗಾನಕ್ಕೆ `yakshagana`, `yakshagaana`, `yaksagana`. ಈ ಎಲ್ಲ ರೂಪಗಳನ್ನು ಶೀರ್ಷಿಕೆಯಲ್ಲಿ ತುಂಬಿದರೆ ಅದು ಓದುವ ಹಾಗಿರುವುದಿಲ್ಲ. ಟ್ಯಾಗ್ ಪೆಟ್ಟಿಗೆ ಇವುಗಳಿಗೆ ಸರಿಯಾದ ಜಾಗ. ಮಾಷ್ಟ್ರ ಪೆಟ್ಟಿಗೆಯಲ್ಲಿ ಇದ್ದದ್ದು ಏನು ಎಂದು ನೋಡಿದೆ. ಪ್ರಸಿದ್ಧ ಮೇಳಗಳ ಹೆಸರು, ಆ ಕೂಟಕ್ಕೆ ಬಂದಿರದ ದೊಡ್ಡ ಕಲಾವಿದರ ಹೆಸರು, "ಬೆಸ್ಟ್ ವಿಡಿಯೊ", "ವೈರಲ್", "ಟ್ರೆಂಡಿಂಗ್". ಇವನ್ನೆಲ್ಲ ಅಳಿಸಿ, ಕಾಗುಣಿತದ ಬೇರೆ ಬೇರೆ ರೂಪಗಳನ್ನೂ ಪ್ರಸಂಗದ ಹೆಸರಿನ ರೂಪಗಳನ್ನೂ ಹಾಕಿಸಿದೆ. ಪೆಟ್ಟಿಗೆಯ ಅರ್ಧದಷ್ಟೂ ತುಂಬಲಿಲ್ಲ. ತುಂಬಬೇಕಾಗಿಯೂ ಇಲ್ಲ.

ಅದಕ್ಕೂ ಮೊದಲು ಅವರು ಇನ್ನೊಂದು ಕೆಲಸ ಮಾಡಿದ್ದರು. ಟ್ಯಾಗ್ ಕಾಣುವುದಿಲ್ಲ ಎಂದು ಅಳಿಯ ಹೇಳಿದ ಮೇಲೆ, ಆ ಇಡೀ ಪಟ್ಟಿಯನ್ನು ನಕಲು ಮಾಡಿ ವಿವರಣೆಯ ಕೊನೆಯಲ್ಲಿ ಅಂಟಿಸಿಬಿಟ್ಟಿದ್ದರು. ಅಲ್ಪವಿರಾಮ ಕೊಟ್ಟು ಒಂದರ ಹಿಂದೆ ಒಂದು ಪದ, ದೊಡ್ಡ ರಾಶಿ. ಇದು ನೋಡುಗನಿಗೆ ಚೆನ್ನಾಗಿಯೇ ಕಾಣುತ್ತದೆ, ಕಸದ ಹಾಗೆ ಕಾಣುತ್ತದೆ. ಅದಕ್ಕಿಂತ ಗಂಭೀರವಾದ ಮಾತೆಂದರೆ ಇದು ನಿಯಮಕ್ಕೆ ವಿರುದ್ಧ. ವಿವರಣೆಯಲ್ಲಿ ಅತಿಯಾಗಿ ಟ್ಯಾಗ್ ತುಂಬುವುದನ್ನು ಯೂಟ್ಯೂಬ್ ಸ್ಪ್ಯಾಮ್ ಮತ್ತು ವಂಚನೆಯ ನಿಯಮದ ಕೆಳಗೆ ಸೇರಿಸಿದೆ. ಇಂಥ ರಾಶಿಯನ್ನು ನಿಮ್ಮ ವಿವರಣೆಯಲ್ಲಿ ಇಟ್ಟುಕೊಂಡಿದ್ದರೆ ತೆಗೆಯುವುದು ಒಳ್ಳೆಯದು. ಅದರ ಬದಲಿಗೆ ಮಾಷ್ಟ್ರು ಈಗ ವಿವರಣೆಯ ಮೊದಲ ಎರಡು ಸಾಲಿನಲ್ಲಿ ಪ್ರಸಂಗ ಯಾವುದು, ಕೂಟ ನಡೆದ ಊರು ಯಾವುದು, ಭಾಗವತರು ಯಾರು, ಅರ್ಥಧಾರಿಗಳು ಯಾರು ಯಾವ ಪಾತ್ರ ವಹಿಸಿದರು ಎಂದು ಪೂರ್ಣ ವಾಕ್ಯಗಳಲ್ಲಿ ಬರೆಯುತ್ತಾರೆ. ಕೊನೆಯಲ್ಲಿ `#ತಾಳಮದ್ದಳೆ`, `#ಯಕ್ಷಗಾನ`, `#ಕೃಷ್ಣಸಂಧಾನ` ಮೂರೇ. ತಾಳಮದ್ದಳೆ ಕೇಳುವವನಿಗೆ ಬೇಕಾದ ಸುದ್ದಿ ಆ ಎರಡು ಸಾಲಿನಲ್ಲೇ ಇದೆ. ಕರ್ಣನ ಅರ್ಥ ಯಾರದ್ದು ಎಂದು ತಿಳಿಯದೆ ಯಾವ ರಸಿಕ ತಾನೇ ಮೂರು ಗಂಟೆ ಕೂತಾನು?

ಪರಿಣಾಮ ಅಳೆಯುವುದರಲ್ಲೂ ಈ ಎರಡಕ್ಕೆ ವ್ಯತ್ಯಾಸವಿದೆ, ಇದು ವಿಡಿಯೊ ಹಾಕಿದವರಿಗೆ ಮಾತ್ರ ಕಾಣುವ ಭಾಗ. ಸ್ಟುಡಿಯೊದ `Analytics` ವಿಭಾಗದಲ್ಲಿ ಜನ ಎಲ್ಲಿಂದ ಬಂದರು ಎಂಬ ಲೆಕ್ಕ ಸಿಗುತ್ತದೆ. ಹ್ಯಾಷ್‌ಟ್ಯಾಗ್ ಪುಟಗಳಿಂದ ಬಂದವರು ಅಲ್ಲಿ ಒಂದು ಪ್ರತ್ಯೇಕ ಮೂಲವಾಗಿ ಕಾಣಬಹುದು. ಯೂಟ್ಯೂಬ್ ಹುಡುಕಾಟದಿಂದ ಬಂದವರು ಏನೆಂದು ಟೈಪ್ ಮಾಡಿದರು ಎಂಬ ಪದಗಳೂ ಕಾಣುತ್ತವೆ. ಆದರೆ ಟ್ಯಾಗಿನಿಂದ ಇಷ್ಟು ಜನ ಬಂದರು ಎಂಬ ಸಾಲು ಅಲ್ಲಿ ಇಲ್ಲ. ಈ ಟ್ಯಾಗ್ ಹಾಕಿದರೆ ಇಷ್ಟು ವೀಕ್ಷಣೆ ಎಂದು ಯಾರಾದರೂ ಖಚಿತವಾಗಿ ಹೇಳಿದರೆ, ಲೆಕ್ಕ ತೋರಿಸಿ ಎಂದು ಕೇಳಿ. ಹುಡುಕಾಟದ ಪದಗಳ ಪಟ್ಟಿಯನ್ನು ಮಾತ್ರ ಆಗಾಗ ನೋಡುತ್ತಿರಿ. ಜನ ನಿಮ್ಮ ವಿಷಯವನ್ನು ಯಾವ ಕಾಗುಣಿತದಲ್ಲಿ ಹುಡುಕುತ್ತಾರೆ ಎಂಬುದು ಅಲ್ಲಿ ಅವರದ್ದೇ ಬೆರಳಿನಿಂದ ಬರೆದಿರುತ್ತದೆ. ಟ್ಯಾಗ್ ಪೆಟ್ಟಿಗೆಗೆ ಪದ ಬೇಕಾದರೆ ಅಲ್ಲಿಂದ ತೆಗೆದುಕೊಳ್ಳಿ.

ಮುಂಬೈ, ದುಬೈ, ಅಮೆರಿಕಗಳಲ್ಲಿರುವ ಕನ್ನಡಿಗರಿಗಾಗಿ ಕೆಲವರು ಶೀರ್ಷಿಕೆ, ವಿವರಣೆಗಳನ್ನು ಇಂಗ್ಲಿಷಿನಲ್ಲೂ ಸೇರಿಸುತ್ತಾರೆ. ಸ್ಟುಡಿಯೊ ಅದಕ್ಕೆ ಅವಕಾಶ ಕೊಡುತ್ತದೆ. ನೋಡುಗನ ಭಾಷೆಯ ಆಯ್ಕೆಗೆ ತಕ್ಕಂತೆ ಆ ರೂಪ ಅವನಿಗೆ ಕಾಣಬಹುದು. ಅಂದರೆ ನೀವು ಊರಿನಲ್ಲಿ ಕನ್ನಡದ ವಿವರಣೆ ನೋಡುತ್ತಿರುವಾಗ ದೂರದ ನೋಡುಗ ಇಂಗ್ಲಿಷಿನದನ್ನು ನೋಡುತ್ತಿರಬಹುದು. ಎರಡೂ ರೂಪಗಳನ್ನು ಪರೀಕ್ಷಿಸಬೇಕು. ಟ್ಯಾಗಿಗೆ ಇಂಥ ಭಾಷಾಂತರ ರೂಪ ಇಲ್ಲ, ಒಂದೇ ಪೆಟ್ಟಿಗೆ.

ಮರೆತೇ ಹೋಗುವ ಇನ್ನೊಂದು ಮೂಲೆಯಿದೆ. ಸ್ಟುಡಿಯೊದ ಸೆಟ್ಟಿಂಗ್‌ಗಳಲ್ಲಿ `Upload defaults` ಎಂಬುದೊಂದಿದೆ. ಅಲ್ಲಿ ಒಮ್ಮೆ ಬರೆದಿಟ್ಟ ಟ್ಯಾಗ್‌ಗಳು ಮುಂದೆ ಬ್ರೌಸರಿನಿಂದ ಏರಿಸುವ ವಿಡಿಯೊಗಳಿಗೆ ತಾವಾಗಿಯೇ ಸೇರಿಕೊಳ್ಳುತ್ತವೆ. ಚಾನೆಲ್ ಶುರುಮಾಡುವಾಗ ಯಾರೋ ಪರಿಚಯದ ಹುಡುಗ ತುಂಬಿಕೊಟ್ಟ ಪದಗಳು ವರ್ಷಗಟ್ಟಲೆ ಹೀಗೆ ಅಂಟಿಕೊಂಡು ಬರುತ್ತವೆ. ಪೆಟ್ಟಿಗೆ `Show more` ಹಿಂದೆ ಮಡಚಿಕೊಂಡಿರುವುದರಿಂದ ಒಡೆಯರ ಕಣ್ಣಿಗೂ ಬೀಳುವುದಿಲ್ಲ. ಮಾಷ್ಟ್ರ ಮೊಮ್ಮಗಳ ಭರತನಾಟ್ಯದ ವಿಡಿಯೊಕ್ಕೂ ಮೇಳಗಳ ಹೆಸರು ಸೇರಿಕೊಂಡಿದ್ದದ್ದು ಈ ದಾರಿಯಿಂದ.

ನೋಡುಗನಿಗೆ ಏನು ಕಾಣುತ್ತದೆ ಎಂದು ತಿಳಿಯಲು ನೋಡುಗನಾಗಿಯೇ ನೋಡಬೇಕು. ನಿಮ್ಮ ಚಾನೆಲ್ಲಿನ ಖಾತೆಯಲ್ಲಿ ಲಾಗಿನ್ ಆಗಿರುವ ಫೋನು ಅದಕ್ಕೆ ಸಲ್ಲದು. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಲಾಗಿನ್ ಆಗದೆ, ನಿಮ್ಮ ವಿಡಿಯೊ ತೆರೆಯಿರಿ; ಅಥವಾ ಮನೆಯ ಇನ್ನೊಬ್ಬರ ಫೋನು ಕೇಳಿ ಪಡೆಯಿರಿ. ಶೀರ್ಷಿಕೆ ಎಲ್ಲಿ ಕತ್ತರಿಸಿಹೋಗುತ್ತದೆ, ಬಳಿಯಲ್ಲಿ ಯಾವ ಹ್ಯಾಷ್‌ಟ್ಯಾಗ್ ಬಂದಿದೆ, ವಿವರಣೆಯ ಮೊದಲ ಸಾಲಿನಲ್ಲಿ ಓದಲು ಏನಾದರೂ ಇದೆಯೇ ಎಂದು ನೋಡಿ. ಅಲ್ಲಿ ಕಂಡದ್ದೇ ನಿಮ್ಮ ನೋಡುಗರಿಗೆ ಕಾಣುವುದು.

ಕೊನೆಯದಾಗಿ ಒಂದು ಕೋರಿಕೆ. ಟ್ಯಾಗ್ ಯಾರಿಗೂ ಕಾಣುವುದಿಲ್ಲ ಎಂಬ ನಂಬಿಕೆಯಲ್ಲಿ ಕೆಲವರು ಅದನ್ನು ಟಿಪ್ಪಣಿ ಪುಸ್ತಕದ ಹಾಗೆ ಬಳಸುತ್ತಾರೆ. ಕಲಾವಿದರ ಫೋನ್ ನಂಬರ್, ಶಾಲಾ ಕಾರ್ಯಕ್ರಮದ ವಿಡಿಯೊದಲ್ಲಿ ಮಕ್ಕಳ ಹೆಸರು ಮತ್ತು ತರಗತಿ, ಮನೆಯ ವಿಳಾಸದ ಗುರುತು ಇಂಥವನ್ನು ಮುಂದೆ ಹುಡುಕಿಕೊಳ್ಳಲು ಅನುಕೂಲ ಎಂದು ಅಲ್ಲಿ ಬರೆದಿಡುತ್ತಾರೆ. ಎರಡು ಕೀಲಿ ಒತ್ತಿದರೆ ಅಪರಿಚಿತರು ಅದನ್ನು ಓದಬಹುದು ಎಂಬುದನ್ನು ಈಗ ಕೇಳಿದಿರಿ. ನಿಮ್ಮ ಚಾನೆಲ್ ಇದ್ದರೆ, ಇಂದೇ ಸ್ಟುಡಿಯೊ ತೆರೆದು `Upload defaults` ಮತ್ತು ಹಳೆಯ ವಿಡಿಯೊಗಳ ಟ್ಯಾಗ್ ಪೆಟ್ಟಿಗೆಗಳನ್ನು ಒಮ್ಮೆ ನೋಡಿ. ಯಾರದ್ದಾದರೂ ಫೋನ್ ನಂಬರ್, ಯಾವುದಾದರೂ ಮಗುವಿನ ಗುರುತು ಅಲ್ಲಿದ್ದರೆ ದಯವಿಟ್ಟು ಅಳಿಸಿ ಉಳಿಸಿ.